ಹದಿನಾಲ್ಕು ದಿನದ ಕಿಟಕಿ

2012ರ ಅಕ್ಟೋಬರ್ 5, ಶುಕ್ರವಾರ. ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ಶುರುವಾಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಬ್ರೋಕರ್ ಕಚೇರಿಯೊಂದರಿಂದ 59 ಮಾರಾಟದ ಆರ್ಡರುಗಳು ತಪ್ಪಾಗಿ ಹೊರಬಿದ್ದವು. ಅವುಗಳ ಒಟ್ಟು ಮೊತ್ತ 650 ಕೋಟಿ ರೂಪಾಯಿಗೂ ಹೆಚ್ಚು. ಅಷ್ಟು ಷೇರನ್ನು ಆ ಗಳಿಗೆಯಲ್ಲಿ ಕೊಳ್ಳುವವರು ಇರಲಿಲ್ಲವಾದ್ದರಿಂದ ಬೆಲೆಗಳು ಕುಸಿದು, ಹಿಂದಿನ ಸಂಜೆ 5,787ರಲ್ಲಿ ಮುಗಿದಿದ್ದ ನಿಫ್ಟಿ ಸೂಚ್ಯಂಕ ನೋಡನೋಡುತ್ತಿದ್ದಂತೆ 4,888ಕ್ಕೆ ಇಳಿಯಿತು. ವಹಿವಾಟು ಸ್ವಲ್ಪ ಹೊತ್ತು ನಿಂತು ಮತ್ತೆ ಆರಂಭವಾಯಿತು. ತಪ್ಪು ಏನೆಂದು ಎಲ್ಲರಿಗೂ ಗೊತ್ತಾಗಿದ್ದರಿಂದ ಬೆಲೆಗಳೂ ಬೇಗನೆ ಮೊದಲಿನ ಮಟ್ಟಕ್ಕೆ ಬಂದವು. ಸಂಜೆ ನಿಫ್ಟಿ ಮುಗಿದದ್ದು 5,746.95ಕ್ಕೆ. ಹಿಂದಿನ ದಿನಕ್ಕಿಂತ ಬರೀ 41 ಅಂಶ ಕಡಿಮೆ.

ಪೇಟೆ ಆ ಘಟನೆಯನ್ನು ಅಂದೇ ದಾಟಿ ಮುಂದೆ ಹೋಯಿತು. ಆದರೆ ಲಕ್ಷಾಂತರ ಜನರ ಚಾರ್ಟಿನ ಕೆಳಗೆ ಓಡುವ ಒಂದು ಗೆರೆ ಮಾತ್ರ ಮುಂದಿನ ಎರಡೂವರೆ ವಾರಕ್ಕೂ ಹೆಚ್ಚು ಕಾಲ ಅದನ್ನು ಹಿಡಿದುಕೊಂಡೇ ಇತ್ತು. ಆ ಗೆರೆಯ ಹೆಸರು ಸ್ಟೊಕಾಸ್ಟಿಕ್ ಆಸಿಲೇಟರ್. ಅದು ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿದರೆ, ಅಂದು ಅದು ಯಾಕೆ ಹಾಗೆ ಸಿಕ್ಕಿಬಿದ್ದಿತು ಎಂಬುದೂ ತಿಳಿಯುತ್ತದೆ.

ಈಗ ಮೊಬೈಲಿನಲ್ಲಿ ಷೇರು ಕೊಳ್ಳುವ ಯಾವ ಆ್ಯಪ್ ತೆರೆದರೂ ಈ ಸಾಧನ ಸಿಗುತ್ತದೆ. ಬೆಲೆಯ ಚಾರ್ಟಿನ ಕೆಳಗೆ ಒಂದು ಪಟ್ಟಿ, ಅದರಲ್ಲಿ ಸೊನ್ನೆಯಿಂದ ನೂರರವರೆಗೆ ಏರಿಳಿಯುವ ಎರಡು ಗೆರೆಗಳು, 80ರಲ್ಲೊಂದು 20ರಲ್ಲೊಂದು ಅಡ್ಡಗೆರೆ. ಗೆರೆ 80ರ ಮೇಲೆ ಹೋದರೆ ‘ಓವರ್‌ಬಾಟ್’, ಅಂದರೆ ಕೊಳ್ಳುವಿಕೆ ಅತಿಯಾಗಿದೆ, ಮಾರಿ. 20ರ ಕೆಳಗೆ ಬಂದರೆ ‘ಓವರ್‌ಸೋಲ್ಡ್’, ಮಾರಾಟ ಅತಿಯಾಗಿದೆ, ಕೊಳ್ಳಿ. ಹೊಸಬರಿಗೆ ಹೇಳಿಕೊಡುವ ಪಾಠ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಎಲ್ಲ ತೊಂದರೆಯೂ ಶುರುವಾಗುವುದು ಇಲ್ಲಿಂದಲೇ.

ಈ ಸಾಧನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾರ್ಜ್ ಲೇನ್. 1950ರ ದಶಕದಲ್ಲಿ ಅವರು ಶಿಕಾಗೋದಲ್ಲಿ, ವ್ಯಾಪಾರಿಗಳಿಗೆ ಚಾರ್ಟ್ ಓದುವುದನ್ನು ಕಲಿಸುತ್ತಿದ್ದ ಇನ್‌ವೆಸ್ಟ್‌ಮೆಂಟ್ ಎಜುಕೇಟರ್ಸ್ ಎಂಬ ಸಂಸ್ಥೆಗೆ ಸೇರಿದರು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಲೆಕ್ಕವೆಲ್ಲ ಕೈಯಲ್ಲೇ ನಡೆಯಬೇಕಿತ್ತು, ಚಾರ್ಟನ್ನು ಕಾಗದದ ಮೇಲೇ ಎಳೆಯಬೇಕಿತ್ತು. ಹಾಗಾಗಿ ಸೂತ್ರ ಸರಳವಾಗಿರುವುದು ಅನಿವಾರ್ಯ. ಬೇರೆ ಬೇರೆ ಸೂತ್ರಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟು ಒಂದೊಂದಾಗಿ ಪರೀಕ್ಷಿಸಿದಾಗ ಕೊನೆಗೆ ಉಳಿದುಕೊಂಡವು %K ಮತ್ತು %D. ಇದರ ಶ್ರೇಯಸ್ಸು ಪೂರ್ತಿ ಲೇನ್ ಅವರಿಗೆ ಸಲ್ಲಬೇಕೇ ಎಂಬ ಚರ್ಚೆ ಇಂದಿಗೂ ಇದೆ. ಅದೇ ಸಂಸ್ಥೆಯ ರಾಲ್ಫ್ ಡಿಸ್ಟಂಟ್ ಅವರ ಹೆಸರನ್ನೂ ಹಲವರು ಹೇಳುತ್ತಾರೆ. ಆದರೆ ಊರೂರು ಸುತ್ತಿ, ಬರೆದು, ಕಲಿಸಿ ಇದನ್ನು ಹರಡಿದವರು ಲೇನ್ ಎಂಬುದರಲ್ಲಿ ಅನುಮಾನವಿಲ್ಲ. 2004ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಈ ಗೆರೆ ಜಗತ್ತಿನ ಬಹುತೇಕ ಎಲ್ಲ ಚಾರ್ಟ್ ತಂತ್ರಾಂಶಗಳಲ್ಲೂ ಇತ್ತು.

ಲೇನ್ ಗಮನಿಸಿದ ಸಂಗತಿ ಇಷ್ಟು. ಬೆಲೆ ಏರುತ್ತಿರುವಾಗ ದಿನದ ಮುಕ್ತಾಯ ಇತ್ತೀಚಿನ ಏರಿಳಿತದ ಮೇಲಂಚಿನ ಬಳಿ ಆಗುತ್ತದೆ, ಇಳಿಯುತ್ತಿರುವಾಗ ಕೆಳಂಚಿನ ಬಳಿ ಆಗುತ್ತದೆ. ಏರಿಕೆಯ ಕಸುವು ಕುಗ್ಗುವಾಗ ಬೆಲೆ ಇನ್ನೂ ಹೊಸ ಎತ್ತರ ಮುಟ್ಟುತ್ತಿರಬಹುದು. ಆದರೆ ಸಂಜೆಯ ಹೊತ್ತಿಗೆ ಅಲ್ಲಿ ನಿಲ್ಲಲಾಗದೆ ಸ್ವಲ್ಪ ಕೆಳಗೆ ಜಾರಿ ಮುಗಿಯುತ್ತದೆ. ಆ ಜಾರುವಿಕೆಯನ್ನು ಒಂದು ಅಂಕಿಯಾಗಿ ಕಾಣಬೇಕು ಎಂಬುದು ಅವರ ಆಸೆ. ಸೂತ್ರ ಹೀಗಿದೆ:

```
%K = 100 × (C − L14) / (H14 − L14)
```

ಇಲ್ಲಿ C ಎಂದರೆ ಇಂದಿನ ಮುಕ್ತಾಯದ ಬೆಲೆ. H14 ಎಂದರೆ ಇಂದನ್ನೂ ಸೇರಿಸಿ ಕಳೆದ 14 ವಹಿವಾಟು ದಿನಗಳಲ್ಲಿ ಬೆಲೆ ಮುಟ್ಟಿದ ಗರಿಷ್ಠ, L14 ಎಂದರೆ ಅದೇ ದಿನಗಳ ಕನಿಷ್ಠ. ಒಂದು ಷೇರು ಈ 14 ದಿನಗಳಲ್ಲಿ 480 ರೂಪಾಯಿಯಿಂದ 540 ರೂಪಾಯಿವರೆಗೆ ಓಡಾಡಿದೆ, ಇಂದು 525ಕ್ಕೆ ಮುಗಿದಿದೆ ಎಂದುಕೊಳ್ಳೋಣ. ಓಡಾಟದ ಅಗಲ 60 ರೂಪಾಯಿ. ಕೆಳಂಚಿನಿಂದ ಮುಕ್ತಾಯ 45 ರೂಪಾಯಿ ಮೇಲಿದೆ. 60ರಲ್ಲಿ 45 ಎಂದರೆ ನೂರಕ್ಕೆ 75. ಅಂದಿನ %K ಅಷ್ಟೇ. ಮುಕ್ತಾಯ ಮೇಲಂಚಿನಲ್ಲೇ ಆಗಿದ್ದರೆ 100, ಕೆಳಂಚಿನಲ್ಲಾಗಿದ್ದರೆ ಸೊನ್ನೆ.

%D ಎಂಬುದು ಕಳೆದ ಮೂರು ದಿನದ %Kಗಳ ಸರಾಸರಿ. ಮೂರು ದಿನ 75, 81, 90 ಬಂದಿದ್ದರೆ %D 82. ದಿನದಿನದ ಜಿಗಿತವನ್ನು ತಗ್ಗಿಸುವುದಕ್ಕೆ ಈ ಎರಡನೇ ಗೆರೆ. %K ಅದನ್ನು ಕೆಳಗಿನಿಂದ ಮೇಲಕ್ಕೆ ದಾಟಿದರೆ ಕೊಳ್ಳುವ ಸೂಚನೆ, ಮೇಲಿನಿಂದ ಕೆಳಕ್ಕೆ ದಾಟಿದರೆ ಮಾರುವ ಸೂಚನೆ ಎಂದು ಓದುತ್ತಾರೆ. ಮೊದಲ ಗೆರೆಯೂ ತೀರಾ ಕುಣಿಯುತ್ತದೆ ಅನ್ನಿಸಿದವರು %Kಯನ್ನೇ ಒಮ್ಮೆ ಸರಾಸರಿ ಮಾಡಿ, ಆ ಸರಾಸರಿಗೆ ಮತ್ತೊಂದು ಸರಾಸರಿ ತೆಗೆಯುತ್ತಾರೆ. ಅದು ‘ಸ್ಲೋ ಸ್ಟೊಕಾಸ್ಟಿಕ್’. ಸರಾಸರಿ ಹೆಚ್ಚಿದಷ್ಟೂ ಗೆರೆ ನುಣುಪಾಗುತ್ತದೆ, ಸೂಚನೆ ತಡವಾಗುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲುವ ದಾರಿ ಇಲ್ಲ.

ಹಾಗಾಗಿ ಒಂದೇ ಷೇರಿಗೆ ಒಂದೇ ದಿನ ಇಬ್ಬರ ಪರದೆಯಲ್ಲಿ ಬೇರೆ ಬೇರೆ ಅಂಕಿ ಕಾಣುವುದು ತೀರಾ ಸಾಮಾನ್ಯ. ಟ್ರೇಡಿಂಗ್‌ವ್ಯೂ ತಾಣದಲ್ಲಿ ಈ ಸಾಧನ ತಾನಾಗಿ ತೆರೆದುಕೊಳ್ಳುವುದು 14, 1, 3 ಎಂಬ ಅಳತೆಯೊಂದಿಗೆ. ಮೆಟಾಟ್ರೇಡರ್ ತಂತ್ರಾಂಶದಲ್ಲಿ 5, 3, 3. ಮೊದಲನೆಯದು ಸುಮಾರು ಮೂರು ವಾರದ ಏರಿಳಿತವನ್ನು ನೋಡುತ್ತದೆ, ಎರಡನೆಯದು ಒಂದೇ ವಾರದ್ದು. ‘ಸ್ಟೊಕಾಸ್ಟಿಕ್ 85 ಇದೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ದಿನದ್ದು ಎಂದು ಕೇಳದೆ ಆ ಮಾತಿಗೆ ಅರ್ಥವೇ ಹುಟ್ಟುವುದಿಲ್ಲ.

ಸೂತ್ರವನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಕಂಪನಿಯ ಲಾಭ ಇಲ್ಲ, ಎಷ್ಟು ಷೇರು ಕೈಬದಲಾಯಿತು ಎಂಬುದಿಲ್ಲ, ಎಷ್ಟು ಮಂದಿ ಕೊಂಡರು ಎಂಬುದೂ ಇಲ್ಲ. ‘ಕೊಳ್ಳುವಿಕೆ ಅತಿಯಾಗಿದೆ’ ಎಂದು ಹೇಳುವುದಕ್ಕೆ ಬೇಕಾದ ಯಾವ ಮಾಹಿತಿಯೂ ಈ ಲೆಕ್ಕದೊಳಗೆ ಬಂದೇ ಇಲ್ಲ. ಇರುವುದು ಮೂರು ಬೆಲೆಗಳು ಮಾತ್ರ, ಅವುಗಳಲ್ಲಿ ಎರಡು ಹಳೆಯವಾಗಿರಬಹುದು. 80 ದಾಟಿದೆ ಎಂದರೆ ಮುಕ್ತಾಯವು 14 ದಿನದ ಓಡಾಟದ ಮೇಲಿನ ಐದನೇ ಒಂದು ಭಾಗದಲ್ಲಿದೆ ಎಂದಷ್ಟೇ ಅರ್ಥ. ಆ ಓಡಾಟ ನಾಲ್ಕು ರೂಪಾಯಿ ಅಗಲದ್ದೂ ಆಗಿರಬಹುದು. 500ರಿಂದ 504ರ ನಡುವೆ ಮೂರು ವಾರ ಮಲಗಿರುವ ಷೇರು 503.50ಕ್ಕೆ ಮುಗಿದರೆ %K 87.5 ತೋರಿಸುತ್ತದೆ. ಅಲ್ಲಿ ಯಾರೂ ಅತಿಯಾಗಿ ಏನನ್ನೂ ಕೊಂಡಿಲ್ಲ.

ಇದಕ್ಕಿಂತ ಸೂಕ್ಷ್ಮವಾದ, ಬಹಳ ಮಂದಿಯ ಗಮನಕ್ಕೇ ಬಾರದ ಇನ್ನೊಂದು ಸಂಗತಿ ಇದೆ. ಹದಿನಾಲ್ಕು ದಿನದ ಕಿಟಕಿ ಪ್ರತಿದಿನ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಹೊಸ ದಿನವೊಂದು ಒಳಗೆ ಬಂದಾಗ ಹಳೆಯ ದಿನವೊಂದು ಹೊರಗೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 480 ರೂಪಾಯಿಯ ಕನಿಷ್ಠ ದಾಖಲಾದದ್ದು ಸರಿಯಾಗಿ 14 ದಿನದ ಹಿಂದೆ ಎಂದಿಟ್ಟುಕೊಳ್ಳಿ. ನಾಳೆ ಆ ದಿನ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಉಳಿದ ದಿನಗಳ ಕನಿಷ್ಠ 510 ಆಗಿದ್ದು, ನಾಳೆಯ ಮುಕ್ತಾಯವೂ 525ರಲ್ಲೇ ನಿಂತರೆ ಲೆಕ್ಕ ಏನಾಗುತ್ತದೆ? ಓಡಾಟದ ಅಗಲ ಈಗ 30, ಕೆಳಂಚಿನಿಂದ ಮುಕ್ತಾಯಕ್ಕೆ 15. ನಿನ್ನೆ 75 ಇದ್ದ %K ಇಂದು 50. ಬೆಲೆ ಒಂದು ಪೈಸೆಯೂ ಅಲುಗಿಲ್ಲ. ಚಾರ್ಟಿನಲ್ಲಿ ಗೆರೆ ಮಾತ್ರ ಧುಮುಕಿದೆ, ತನ್ನ ಸರಾಸರಿಯನ್ನು ಕೆಳಮುಖವಾಗಿ ದಾಟಿ ‘ಮಾರಿ’ ಎಂದಿದೆ. ಮಾರಾಟದ ಒತ್ತಡ ಬಂತೆಂದು ನಂಬಿ ಷೇರು ಮಾರಿದವರು ನಿಜವಾಗಿ ಕ್ಯಾಲೆಂಡರಿನ ಮಾತು ಕೇಳಿ ಮಾರಿದ್ದಾರೆ.

2012ರ ಅಕ್ಟೋಬರಿನಲ್ಲಿ ನಿಫ್ಟಿಗೆ ಆದದ್ದು ಇದೇ ದೋಷದ ಅತಿ ದೊಡ್ಡ ರೂಪ. 5ನೇ ತಾರೀಕಿನ ಗರಿಷ್ಠ 5,815.35, ಕನಿಷ್ಠ 4,888.20. ಕೆಲವೇ ಕ್ಷಣ ಇದ್ದ ಆ ಕನಿಷ್ಠ ಬೆಲೆ ದಾಖಲೆಯಲ್ಲಿ ಉಳಿಯಿತು. ಅಂದಿನಿಂದ ಓಡಾಟದ ಅಗಲ 927 ಅಂಶಕ್ಕೂ ಹೆಚ್ಚು. ಹಿಂದಿನ ದಿನಕ್ಕಿಂತ 41 ಅಂಶ ಕಳೆದುಕೊಂಡ ಆ ಸಂಜೆಯೇ %K ತೋರಿಸಿದ್ದು 92ರ ಮೇಲೆ. ಈ ಅಂಚುಗಳ ಪ್ರಕಾರ ನಿಫ್ಟಿ 5,630ರ ಮೇಲೆ ಎಲ್ಲೇ ಮುಗಿದರೂ ಗೆರೆ 80ರ ಮೇಲೆಯೇ ಇರಬೇಕು. ಮುಂದಿನ ದಿನಗಳಲ್ಲಿ ನಿಫ್ಟಿ ಸುಮಾರು 5,650ರಿಂದ 5,720ರ ನಡುವೆ ಮೇಲೆ ಕೆಳಗೆ ಆಡುತ್ತಾ ಕಾಲ ಕಳೆಯಿತು. ಸ್ಟೊಕಾಸ್ಟಿಕ್ ಮಾತ್ರ ಒಂದೇ ಸಮನೆ ‘ಕೊಳ್ಳುವಿಕೆ ಅತಿಯಾಗಿದೆ’ ಎನ್ನುತ್ತಾ ನಿಂತಿತು.

ಅಕ್ಟೋಬರ್ 16ರ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಅಂದು ನಿಫ್ಟಿ 5,648ಕ್ಕೆ ಮುಗಿಯಿತು. ಸೂತ್ರಕ್ಕೆ ಹಾಕಿದರೆ %K ಸುಮಾರು 82 ಬರುತ್ತದೆ, ಮೇಲಂಚಿನ ಬಳಿ. ಈಗ ಅದೇ ಲೆಕ್ಕವನ್ನು ದಿನದೊಳಗಿನ ಗರಿಷ್ಠ-ಕನಿಷ್ಠ ಬಿಟ್ಟು, ಬರೀ ಮುಕ್ತಾಯದ ಬೆಲೆಗಳಿಂದ ಮಾಡೋಣ. ಆ 14 ದಿನಗಳ ಮುಕ್ತಾಯಗಳಲ್ಲಿ ಅತಿ ಹೆಚ್ಚಿನದು ಅಕ್ಟೋಬರ್ 4ರ 5,787. ತೀರಾ ಕೆಳಗಿನದು ಅಂದಿನ 5,648ರ ಆಸುಪಾಸಿನದ್ದೇ. ಹಾಗಾಗಿ ಈ ಲೆಕ್ಕದಲ್ಲಿ ಅಂಕಿ ಸೊನ್ನೆಗೆ ಅಂಟಿಕೊಳ್ಳುತ್ತದೆ. ಅದೇ ಸೂಚ್ಯಂಕ, ಅದೇ ದಿನ, ಅದೇ ಸೂತ್ರ. ಒಂದು ಕಡೆ 82, ಇನ್ನೊಂದು ಕಡೆ ಸೊನ್ನೆ. ಪೇಟೆ ನಿಜವಾಗಿ ಇದ್ದದ್ದು ಎರಡನೆಯ ಅಂಕಿ ಹೇಳಿದ ಕಡೆ.

ಕೊನೆಗೆ 26ನೇ ತಾರೀಕು ಬಂತು. 14 ವಹಿವಾಟು ದಿನ ಮುಗಿದು ಅಕ್ಟೋಬರ್ 5 ಕಿಟಕಿಯಿಂದ ಹೊರಬಿತ್ತು. ನಿಫ್ಟಿ ಅಂದು ಇಳಿದದ್ದು ಸುಮಾರು 40 ಅಂಶ. %K ಹಿಂದಿನ ದಿನದ 88ರ ಆಸುಪಾಸಿನಿಂದ ಒಂದೇ ಏಟಿಗೆ 50ರ ಕೆಳಗೆ ಬಿತ್ತು.

ಸ್ಟೊಕಾಸ್ಟಿಕ್ ಚೆನ್ನಾಗಿ ಕೆಲಸ ಮಾಡುವುದು ಪೇಟೆ ಯಾವ ಕಡೆಗೂ ಹೋಗದೆ ಒಂದು ಪಟ್ಟಿಯೊಳಗೆ ಆಡುವಾಗ ಎಂಬುದನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಅಂಚುಗಳು ಗಟ್ಟಿಯಾಗಿ ನಿಂತಿದ್ದು, ಬೆಲೆ ಮೇಲಂಚು ಮುಟ್ಟಿ ಹಿಂದಿರುಗುತ್ತಾ, ಕೆಳಂಚು ಮುಟ್ಟಿ ಏಳುತ್ತಾ ಇದ್ದರೆ 80 ಮತ್ತು 20ಕ್ಕೆ ನಿಜವಾದ ಅರ್ಥ ಇರುತ್ತದೆ. ಆ ಅಕ್ಟೋಬರಿನ ಮೂರು ವಾರಗಳು ಅಂಥವೇ ಆಗಿದ್ದವು. ಆ ಸಾಧನ ಯಾವ ಹವೆಗೆಂದು ಹುಟ್ಟಿತೋ ಅದೇ ಹವೆಯಲ್ಲಿ ಒಂದು ತಪ್ಪು ಬೆಲೆ ಅದನ್ನು ಕುರುಡಾಗಿಸಿತು. ಇಂಥ ದೊಡ್ಡ ಅವಘಡ ಅಪರೂಪ. ಆದರೆ ಕಡಿಮೆ ವಹಿವಾಟಿನ ಸಣ್ಣ ಕಂಪನಿಗಳ ಷೇರುಗಳಲ್ಲಿ ಬೆಳಿಗ್ಗೆ ಒಂದೇ ಒಂದು ವಿಚಿತ್ರ ಬೆಲೆಗೆ ನಾಲ್ಕಾರು ಷೇರು ಕೈಬದಲಾಗುವುದು ಅಪರೂಪವೇನಲ್ಲ. ಚಾರ್ಟಿನಲ್ಲಿ ಅದು ಮೇಣದಬತ್ತಿಯಂಥ ಚಿತ್ರದ ಕೆಳಗೋ ಮೇಲೋ ಉದ್ದನೆಯ ಬತ್ತಿಯಾಗಿ ಕಾಣುತ್ತದೆ. ಮುಂದಿನ 14 ದಿನ ಸ್ಟೊಕಾಸ್ಟಿಕ್ ಓದುವವರೆಲ್ಲ ಆ ಬತ್ತಿಯನ್ನೇ ಓದುತ್ತಿರುತ್ತಾರೆ. ಗುರುತಿಸುವುದು ಕಷ್ಟವಲ್ಲ. ಮುಕ್ತಾಯದ ಬೆಲೆಗಳಿಂದ ಮಾತ್ರ ಇನ್ನೊಂದು ಲೆಕ್ಕ ಮಾಡಿ ನೋಡಿದಾಗ ಎರಡು ಅಂಕಿಗಳೂ ಹತ್ತಿರ ಇದ್ದರೆ ಅಂಚುಗಳು ನಿಜವಾದವು. ತೀರಾ ದೂರ ಇದ್ದರೆ ಯಾವುದೋ ಬತ್ತಿ ಲೆಕ್ಕವನ್ನು ಎಳೆಯುತ್ತಿದೆ ಎಂದು ತಿಳಿಯಬೇಕು.

ಮುಕ್ತಾಯದ ಬೆಲೆಯ ಬಗ್ಗೆಯೂ ಇಲ್ಲೇ ಒಂದು ಮಾತು. ವಹಿವಾಟು ನಡೆಯುತ್ತಿರುವಾಗ ಪರದೆಯ ಮೇಲೆ ಕಾಣುವ ಇಂದಿನ %K ಇನ್ನೂ ಮುಗಿಯದ ಲೆಕ್ಕ; ಆ ಗಳಿಗೆಯ ಬೆಲೆಯನ್ನೇ ಮುಕ್ತಾಯವೆಂದು ಎಣಿಸಿ ತೋರಿಸಿದ್ದು. ಮಧ್ಯಾಹ್ನ ಒಂದು ಗಂಟೆಗೆ 20 ದಾಟಿದ ಗೆರೆ ಮೂರೂವರೆಗೆ ಮತ್ತೆ ಕೆಳಗಿರಬಹುದು. ಸಂಜೆ ಚಾರ್ಟ್ ನೋಡುವವರಿಗೆ ಅಲ್ಲಿ ಯಾವ ದಾಟುವಿಕೆಯೂ ನಡೆದ ಗುರುತು ಇರುವುದಿಲ್ಲ. ಹಳೆಯ ಚಾರ್ಟುಗಳಲ್ಲಿ ಈ ಸಾಧನ ಇದ್ದುದಕ್ಕಿಂತ ಹೆಚ್ಚು ಚೊಕ್ಕವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಹೆಚ್ಚು ಜನರ ಹಣ ತಿಂದಿರುವ ಮೋಸಕ್ಕೆ ಬರೋಣ. ಪೇಟೆ ಒಂದು ದಿಕ್ಕು ಹಿಡಿದು ಹೊರಟಾಗ ಆಗುವ ಮೋಸ ಅದು.

2020ರ ಅಕ್ಟೋಬರ್ ಕೊನೆಗೆ ನಿಫ್ಟಿ 11,642ರಲ್ಲಿತ್ತು. ನವೆಂಬರ್ ಮೊದಲ ವಾರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯಿತು, ವಿದೇಶಿ ಹೂಡಿಕೆದಾರರು ಭಾರಿ ಪ್ರಮಾಣದಲ್ಲಿ ಕೊಳ್ಳತೊಡಗಿದರು. 5ನೇ ತಾರೀಕು ನಿಫ್ಟಿ 12,120ಕ್ಕೆ ಮುಗಿಯಿತು. 14 ದಿನದ ಮೇಲಂಚು ಅಂದೇ ಮುಟ್ಟಿದ ಸುಮಾರು 12,131, ಕೆಳಂಚು ಅಕ್ಟೋಬರ್ 30ರ ಸುಮಾರು 11,535. %K 98. ಪಾಠದ ಪ್ರಕಾರ ಇದಕ್ಕಿಂತ ಸ್ಪಷ್ಟವಾದ ಮಾರಾಟದ ಎಚ್ಚರಿಕೆ ಇರಲಾರದು.

ಮಾರಿದವರು ಮುಂದೆ ಕಂಡದ್ದು ಏನು? 10ನೇ ತಾರೀಕು ನಿಫ್ಟಿ 12,631. 24ರಂದು 13,055. ಡಿಸೆಂಬರ್ 31ರಂದು 13,981. ಎಂಟು ವಾರದಲ್ಲಿ ಶೇ 15ರಷ್ಟು ಏರಿಕೆ. ಈ ನಡುವೆ ಒಂದು ದಿನ ಪೇಟೆ ನಿಜವಾಗಿಯೂ ಬೆಚ್ಚಿತು. ಬ್ರಿಟನ್ನಿನಲ್ಲಿ ಕೊರೊನಾದ ಹೊಸ ರೂಪಾಂತರಿ ಹರಡುತ್ತಿದೆ ಎಂಬ ಸುದ್ದಿಗೆ ಡಿಸೆಂಬರ್ 21ರಂದು ನಿಫ್ಟಿ 432 ಅಂಶ ಕುಸಿದು 13,328ಕ್ಕೆ ಬಂತು. ಆ ಕೆಟ್ಟ ದಿನದ ಮುಕ್ತಾಯವೂ 98ರ ಎಚ್ಚರಿಕೆ ಬಂದ ದಿನದ ಮುಕ್ತಾಯಕ್ಕಿಂತ 1,200 ಅಂಶ ಮೇಲಿತ್ತು. %K ಅಂದು ಬಿದ್ದದ್ದು 40ರ ಆಸುಪಾಸಿಗೆ ಮಾತ್ರ. 20ರ ಕೆಳಗೆ ಬಂದಾಗ ಮತ್ತೆ ಕೊಳ್ಳೋಣ ಎಂದು ಕಾದವರಿಗೆ ಆ ಎರಡು ತಿಂಗಳಲ್ಲಿ ಅಂಥ ದಿನವೇ ಬರಲಿಲ್ಲ.

ಇದರ ಕಾರಣ ಸೂತ್ರದಲ್ಲೇ ಇದೆ. ಬೆಲೆ ಏರುತ್ತಾ ಹೋದಾಗ ಮೇಲಂಚೂ ಅದರ ಜೊತೆ ಏರುತ್ತದೆ, ಕೆಳಗಿನ ಹಳೆಯ ದಿನಗಳು ಕಿಟಕಿಯಿಂದ ಬಿಟ್ಟುಹೋಗುತ್ತಾ ಕೆಳಂಚೂ ಏರುತ್ತದೆ. ಅಂಕಿಗೆ ಮಾತ್ರ ನೂರಕ್ಕಿಂತ ಮೇಲೆ ಜಾಗವಿಲ್ಲ. ಪೇಟೆ ಎಷ್ಟೇ ದೂರ ಹೋದರೂ ಗೆರೆ 80 ಮತ್ತು 100ರ ನಡುವೆ ಹೊಯ್ದಾಡುತ್ತದೆ. 98 ಎಂಬುದು ಏರಿಕೆಯ ಕೊನೆಯ ದಿನವೂ ಬರಬಹುದು, ಮೊದಲನೆಯ ದಿನವೂ ಬರಬಹುದು. 2020ರ ನವೆಂಬರಿನಲ್ಲಿ ಅದು ಬಂದದ್ದು ಆರಂಭದಲ್ಲಿ. ಮೂರು ವಾರದ ಕಿಟಕಿಯಿಂದ ನೋಡುವ ಸಾಧನಕ್ಕೆ ಇವೆರಡರ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಅಂಚುಗಳು ತಾವೇ ನಡೆಯುತ್ತಿವೆಯೇ ಎಂಬುದನ್ನು ಕಣ್ಣಿನಿಂದಲೇ ನೋಡಬಹುದು. ದಿನದಿನವೂ H14 ಮತ್ತು L14 ಎರಡೂ ಒಂದೇ ಕಡೆ ಸರಿಯುತ್ತಿದ್ದರೆ 80-20ರ ಪಾಠವನ್ನು ಆ ಅವಧಿಗೆ ಪಕ್ಕಕ್ಕಿಡಬೇಕು.

ಕೆಳಮುಖ ಪೇಟೆಯಲ್ಲಿ ಇದೇ ತಪ್ಪು ಇನ್ನೂ ದುಬಾರಿ. ಅದೇ ವರ್ಷದ ಫೆಬ್ರುವರಿ 28, ಶುಕ್ರವಾರ. ಕೊರೊನಾ ಚೀನಾ ದಾಟಿ ಇಟಲಿ, ಇರಾನ್‌ಗಳಲ್ಲಿ ಹರಡಿದ ಸುದ್ದಿಗೆ ನಿಫ್ಟಿ 431 ಅಂಶ ಕುಸಿದು 11,201ಕ್ಕೆ ಮುಗಿಯಿತು. ಮೇಲಂಚು ಸುಮಾರು 12,246, ಕೆಳಂಚು ಅಂದಿನ ಸುಮಾರು 11,175. %K ಬರೀ 2.5. ಕಲಿತ ವ್ಯಾಪಾರಿ 20ರ ಕೆಳಗೆ ಬಂದ ಕೂಡಲೇ ಕೊಳ್ಳುವುದಿಲ್ಲ. ಗೆರೆ ತಿರುಗಿ 20ನ್ನು ಮೇಲಕ್ಕೆ ದಾಟಲಿ ಎಂದು ಕಾಯುತ್ತಾನೆ. ಮಾರ್ಚ್ 2ರಂದು ಅಂಕಿ 8 ಆಯಿತು. 3ರಂದು ನಿಫ್ಟಿ 11,303ಕ್ಕೆ ಏರಿತು, %K 22 ಆಯಿತು. ಮೂರು ದಿನದ ಸರಾಸರಿ ಆಗ 11ರ ಆಸುಪಾಸಿನಲ್ಲಿತ್ತು. ಅಂದರೆ ಗೆರೆ ತನ್ನ ಸರಾಸರಿಗಿಂತ ಮೇಲಿದೆ, 20ನ್ನೂ ದಾಟಿದೆ. ತಾಳ್ಮೆಯಿಂದ ಕಾದವನಿಗೆ ನಿಯಮದ ಪ್ರಕಾರ ಸಿಗಬೇಕಾದ ಎರಡೂ ಒಪ್ಪಿಗೆ ಸಿಕ್ಕಿತು.

ಅಲ್ಲಿಂದ ಮೂರು ವಾರದೊಳಗೆ, ಮಾರ್ಚ್ 23ರಂದು, ನಿಫ್ಟಿ 7,610ಕ್ಕೆ ಬಂದು ನಿಂತಿತು. ನೂರು ರೂಪಾಯಿ ಹಾಕಿದ್ದವರ ಬಳಿ ಉಳಿದದ್ದು ಸುಮಾರು 67. ನಡುವೆ ಮಾರ್ಚ್ 13ರಂದು ಇನ್ನೊಂದು ಆಸೆ ಹುಟ್ಟಿತ್ತು. ಅಂದು ಬೆಳಿಗ್ಗೆ ನಿಫ್ಟಿ ಶೇ 10ರಷ್ಟು ಕುಸಿದು ವಹಿವಾಟು 45 ನಿಮಿಷ ನಿಂತಿತು. ಮತ್ತೆ ಶುರುವಾದ ಮೇಲೆ ಚೇತರಿಸಿಕೊಂಡು ಹಿಂದಿನ ದಿನಕ್ಕಿಂತ ಮೇಲೆ, 9,955ಕ್ಕೆ ಮುಗಿಯಿತು. ಮುಕ್ತಾಯ ದಿನದ ಕನಿಷ್ಠದಿಂದ ಬಹಳ ದೂರ ಇದ್ದುದರಿಂದ %K 40ರ ಆಸುಪಾಸಿಗೆ ಜಿಗಿಯಿತು. ಮುಂದಿನ ಆರು ವಹಿವಾಟು ದಿನಗಳಲ್ಲಿ 2,300ಕ್ಕೂ ಹೆಚ್ಚು ಅಂಶ ಹೋದವು.

ಲೇನ್ ಅವರ ಬಗ್ಗೆ ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. 80-20ನ್ನೇ ಪೂರ್ತಿ ಪಾಠ ಮಾಡಿದ್ದು ಅವರಲ್ಲ. ಅವರು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟದ್ದು ‘ಡೈವರ್ಜೆನ್ಸ್’ ಎಂಬುದಕ್ಕೆ: ಬೆಲೆ ಹಿಂದಿನ ಕನಿಷ್ಠಕ್ಕಿಂತ ಕೆಳಗೆ ಹೊಸ ಕನಿಷ್ಠ ಮುಟ್ಟಿದರೂ %D ಗೆರೆ ತನ್ನ ಹಿಂದಿನ ಕನಿಷ್ಠಕ್ಕಿಂತ ಮೇಲೆಯೇ ನಿಲ್ಲುವುದು. ಮಾರುವವರು ಬೆಲೆಯನ್ನು ಕೆಳಗೆ ತಳ್ಳುತ್ತಿದ್ದಾರೆ, ಆದರೆ ಸಂಜೆಯ ಹೊತ್ತಿಗೆ ಅಲ್ಲೇ ಹಿಡಿದಿಡಲು ಅವರಿಂದ ಆಗುತ್ತಿಲ್ಲ ಎಂಬುದರ ಗುರುತು ಅದು. ಮೇಲಿನ ತುದಿಯಲ್ಲಿ ಇದರ ತಿರುವುಮುರುವು. ಇದು 80-20ಕ್ಕಿಂತ ಖಂಡಿತ ಒಳ್ಳೆಯ ಓದು, ಏಕೆಂದರೆ ಇಲ್ಲಿ ಅಂಕಿಯನ್ನು ಬೆಲೆಯ ಜೊತೆಗಿಟ್ಟು ನೋಡಲಾಗುತ್ತದೆ.

ಆದರೂ ಇದಕ್ಕೆ ಎರಡು ಮಿತಿ ಇವೆ. ಎರಡನೆಯ ಕನಿಷ್ಠ ನಿಜವಾಗಿಯೂ ಕನಿಷ್ಠವೇ ಎಂಬುದು ಬೆಲೆ ಅಲ್ಲಿಂದ ಎದ್ದ ಮೇಲಷ್ಟೇ ತಿಳಿಯುತ್ತದೆ. ಜೊತೆಗೆ, ಮೊದಲು ರಭಸದಿಂದ ಬಿದ್ದು ಆಮೇಲೆ ನಿಧಾನವಾಗಿ ಇಳಿಯುವ ಯಾವ ಬೆಲೆಗೂ ಈ ಲಕ್ಷಣ ಬಂದುಬಿಡುತ್ತದೆ. ರಭಸ ತಗ್ಗಿದೆ ಎಂಬುದು ನಿಜ; ಇಳಿಕೆ ಮುಗಿದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಉದ್ದನೆಯ ಇಳಿಕೆಯೊಂದರಲ್ಲಿ ಇಂಥ ಮೂರು ನಾಲ್ಕು ಗುರುತುಗಳು ಸಾಲಾಗಿ ಬಂದು, ಕೊನೆಯದು ಮಾತ್ರ ನಿಜವಾಗುವುದುಂಟು.

ಮೋಸ ಹೋಗುತ್ತಿದ್ದೇವೆ ಎಂದು ಗೊತ್ತಾದಾಗ ಹೆಚ್ಚಿನವರು ಮಾಡುವ ಕೆಲಸ, ಇನ್ನೊಂದು ಸಾಧನದ ಒಪ್ಪಿಗೆ ಕೇಳುವುದು. ಇಲ್ಲಿ ಒಂದು ಎಚ್ಚರ ಬೇಕು. ಲ್ಯಾರಿ ವಿಲಿಯಮ್ಸ್ ಅವರ ಹೆಸರಿನ ‘ವಿಲಿಯಮ್ಸ್ %R’ ಎಂಬ ಗೆರೆಯೂ ಆ್ಯಪ್‌ಗಳಲ್ಲಿ ಸಿಗುತ್ತದೆ. ಅದರ ಅಳತೆ ಸೊನ್ನೆಯಿಂದ ಮೈನಸ್ ನೂರರವರೆಗೆ, ಹಾಗಾಗಿ ಬೇರೆಯೇ ಸಾಧನದಂತೆ ಕಾಣುತ್ತದೆ. ನಿಜಕ್ಕೂ ಅದು ಅದೇ ಮೂರು ಬೆಲೆಗಳ ಅದೇ ಲೆಕ್ಕ. ಒಂದೇ ಅವಧಿ ಇಟ್ಟರೆ %Kಯಿಂದ ನೂರು ಕಳೆದರೆ %R ಬರುತ್ತದೆ. ಎರಡೂ ‘ಹೌದು’ ಎಂದವು ಎಂದು ಧೈರ್ಯ ತಂದುಕೊಂಡವರು ಒಬ್ಬನೇ ಸಾಕ್ಷಿಯ ಮಾತನ್ನು ಎರಡು ಸಲ ಕೇಳಿರುತ್ತಾರೆ. ಒಪ್ಪಿಗೆ ಕೇಳಲೇಬೇಕಿದ್ದರೆ ಈ ಸೂತ್ರದೊಳಗೆ ಇಲ್ಲದ್ದನ್ನು ಕೇಳಬೇಕು: ಎಷ್ಟು ಷೇರು ಕೈಬದಲಾಯಿತು, 200 ದಿನದ ಸರಾಸರಿ ಯಾವ ಕಡೆ ಮುಖ ಮಾಡಿದೆ, ವಾರದ ಚಾರ್ಟಿನಲ್ಲಿ ಅಂಚುಗಳು ಎಲ್ಲಿವೆ.

ಅದನ್ನೆಲ್ಲ ಕೇಳಿದರೂ ಪೇಟೆ ಎತ್ತ ಹೋಗುತ್ತದೆ ಎಂದು ಗೊತ್ತಾಗದ ದಿನಗಳು ಇದ್ದೇ ಇರುತ್ತವೆ. 2021ರ ಜನವರಿ 29 ಕೂಡ ಶುಕ್ರವಾರವೇ. ಒಂದು ವಾರದ ಹಿಂದಷ್ಟೇ 14,753 ಮುಟ್ಟಿದ್ದ ನಿಫ್ಟಿ ಅಂದು 13,596ರವರೆಗೆ ಇಳಿದು 13,634ಕ್ಕೆ ಮುಗಿಯಿತು. ಓಡಾಟದ ಅಗಲ ಸುಮಾರು 1,157 ಅಂಶ, %K ಸುಮಾರು 3. ಇದನ್ನು ಹಿಂದಿನ ವರ್ಷದ ಫೆಬ್ರುವರಿ 28ರ ಪಕ್ಕದಲ್ಲಿಟ್ಟರೆ ಅಲ್ಲಿ ಅಗಲ ಸುಮಾರು 1,072, %K 2.5. ಎರಡು ಶುಕ್ರವಾರಗಳ ಸಂಜೆ ಸ್ಟೊಕಾಸ್ಟಿಕ್ ಪಟ್ಟಿಯಲ್ಲಿ ಕಂಡದ್ದು ಹೆಚ್ಚುಕಡಿಮೆ ಒಂದೇ ಚಿತ್ರ. 2020ರಲ್ಲಿ ಸೋಮವಾರ ನಿಫ್ಟಿ ಇನ್ನೂ 69 ಅಂಶ ಇಳಿಯಿತು, ತಿಂಗಳು ಮುಗಿಯುವ ಮೊದಲೇ ಮೂರನೇ ಒಂದು ಭಾಗ ಕರಗಿತು. 2021ರಲ್ಲಿ ಸೋಮವಾರ ಫೆಬ್ರುವರಿ 1, ಕೇಂದ್ರ ಬಜೆಟ್ ಮಂಡನೆಯ ದಿನ. ಪೇಟೆ ಹೆದರಿದ್ದಂತೆ ತೆರಿಗೆ ಏರಲಿಲ್ಲ, ಸರ್ಕಾರ ಖರ್ಚು ಹೆಚ್ಚಿಸಿತು. ಅಂದು ಒಂದೇ ದಿನ ನಿಫ್ಟಿ 646 ಅಂಶ ಏರಿ 14,281ಕ್ಕೆ ಮುಗಿಯಿತು.